ಬ್ಯಾಕ್‌ಲೈಟ್‌ನಲ್ಲಿ ಕಪ್ಪಾದ ಮುಖಕ್ಕೆ ಬೆಳಕು ಕೊಡುವುದು: ಚರ್ಮ ಬೂದಿಯೂ ಆಗಬಾರದು, ಕಿತ್ತಳೆಯೂ ಆಗಬಾರದು

ಪ್ರಶ್ನೆ: ಕಿಟಕಿ ಮುಂದೆ ಕೂರಿಸಿ ಒಂದು ಸಂದರ್ಶನ ಶೂಟ್ ಮಾಡಿದೆ. ಮುಖ ಪೂರ್ತಿ ಕಪ್ಪಾಗಿದೆ. ಲಾಗ್ ಹಾಕಿರಲಿಲ್ಲ, ಮಾಮೂಲಿ 8 ಬಿಟ್ ಫೈಲ್. ಡಾವಿಂಚಿ ರಿಸಾಲ್ವ್‌ನಲ್ಲಿ ಮುಖದ ಮೇಲೆ ವೃತ್ತದ ಮಾಸ್ಕ್ ಹಾಕಿ ಗಾಮಾ ಏರಿಸಿದರೆ ಚರ್ಮ ಬೂದಿ ಬಣ್ಣಕ್ಕೆ ತಿರುಗುತ್ತದೆ. ಸಾಚುರೇಶನ್ ಕೊಟ್ಟರೆ ಕಿತ್ತಳೆ ಆಗುತ್ತದೆ. ಕೂದಲ ಸುತ್ತ ಪ್ರಭಾವಳಿ ಬೇರೆ. ಮತ್ತೆ ಶೂಟ್ ಮಾಡೋದು ಸಾಧ್ಯವಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಬೂದಿ ಬಣ್ಣ ಎಲ್ಲಿಂದ ಬಂತು ಅಂತ ನೋಡೋಣ. ಅದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಿಮ್ಮ ಶಾಟ್‌ನಲ್ಲಿ ಕೆನ್ನೆಯ ಒಂದು ಬಿಂದು ತೆಗೆದುಕೊಳ್ಳಿ. ಅಲ್ಲಿ ಕೆಂಪು 26, ಹಸಿರು 19, ನೀಲಿ 15 ಇದೆ ಅಂದುಕೊಳ್ಳೋಣ, ನೂರಕ್ಕೆ. ಚರ್ಮ ಚರ್ಮದ ಹಾಗೆ ಕಾಣುವುದು ಈ ಮೂರರ ನಡುವಿನ ಅನುಪಾತದಿಂದ. ಇಲ್ಲಿ ಕೆಂಪು ನೀಲಿಯ 1.73 ಪಟ್ಟು ಇದೆ. ಕಪ್ಪು ಭಾಗಗಳನ್ನು ಎತ್ತುವ ಲಿಫ್ಟ್ ಚಕ್ರ ಏರಿಸಿದರೆ ಏನಾಗುತ್ತದೆ? ನೆರಳಿನ ಭಾಗದಲ್ಲಿ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಮೊತ್ತ ಸೇರುತ್ತದೆ. 15 ಸೇರಿಸಿದಿರಿ ಅನ್ನಿ. 41, 34, 30 ಆಯಿತು. ಈಗ ಕೆಂಪು ನೀಲಿಯ 1.37 ಪಟ್ಟು ಮಾತ್ರ. ಮೂರು ಸಂಖ್ಯೆಗಳು ಒಂದರ ಹತ್ತಿರ ಒಂದು ಬಂದರೆ ಅದೇ ಬೂದಿ.

ಗಾಮಾ ಇದಕ್ಕಿಂತ ವಾಸಿ, ಆದರೆ ಅದೂ ಇದೇ ತಪ್ಪನ್ನು ಸ್ವಲ್ಪ ಕಡಿಮೆ ಪ್ರಮಾಣದಲ್ಲಿ ಮಾಡುತ್ತದೆ ಅಷ್ಟೇ. ಕೆಂಪು ಅದೇ 41ಕ್ಕೆ ಬರುವಷ್ಟು ಗಾಮಾ ಕೊಟ್ಟರೆ ಅನುಪಾತ 1.44ರ ಹತ್ತಿರ ನಿಲ್ಲುತ್ತದೆ. ಜೊತೆಗೆ ಮುಖದೊಳಗಿನ ಕಾಂಟ್ರಾಸ್ಟ್ ಕೂಡ ಚಪ್ಪಟೆಯಾಗುತ್ತದೆ. ಆಮೇಲೆ ನೀವು ಸಾಚುರೇಶನ್ ಕೊಡುತ್ತೀರಿ. ಅದು ಕಳೆದುಹೋದ ಬಣ್ಣವನ್ನು ವಾಪಸ್ ತರುವುದಿಲ್ಲ. ಇರುವ ಬಣ್ಣವನ್ನು, ಅದರ ಜೊತೆಗಿರುವ ನಾಯ್ಸ್ ಸಮೇತ, ಹಿಗ್ಗಿಸುತ್ತದೆ. ಕಿತ್ತಳೆ ಮುಖ ಬರುವುದು ಹೀಗೆ.

ಗೇನ್ ಗುಣಾಕಾರ ಮಾಡುತ್ತದೆ. 26, 19, 15 ಅನ್ನು 1.6ರಿಂದ ಗುಣಿಸಿದರೆ 41.6, 30.4, 24. ಅನುಪಾತ ಇದ್ದ ಹಾಗೇ ಇದೆ. ಕ್ಯಾಮೆರಾದಲ್ಲಿ ಎಕ್ಸ್‌ಪೋಶರ್ ಏರಿಸಿದ್ದರೆ ಆಗುತ್ತಿದ್ದುದಕ್ಕೆ ಇದೇ ತುಂಬಾ ಹತ್ತಿರ. ಗೇನ್ ಅಂದರೆ ಹೈಲೈಟ್‌ಗೆ ಅಂತ ಕಲಿತವರು ನೆರಳಿನ ಮುಖಕ್ಕೆ ಅದನ್ನು ಮುಟ್ಟುವುದಿಲ್ಲ. ಇಡೀ ಫ್ರೇಮ್‌ಗೆ ಹಾಕಿದರೆ ಕಿಟಕಿ ಸುಟ್ಟುಹೋಗುತ್ತದೆ, ನಿಜ. ಆದರೆ ನೀವು ಮಾಸ್ಕ್‌ನೊಳಗೆ ಇದ್ದೀರಲ್ವಾ? ಮಾಸ್ಕ್‌ನೊಳಗೆ ಸುಟ್ಟುಹೋಗುವಂಥ ಬೆಳಕು ಇರದ ಹಾಗೆ ನೋಡಿಕೊಂಡರೆ ಗೇನ್ ಇಲ್ಲಿ ಸರಿಯಾದ ಚಕ್ರ.

ಆದರೆ ಅದಕ್ಕೂ ಮುಂಚೆ ಇನ್ನೊಂದು ಕೆಲಸ ಇದೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ.

ಕಿಟಕಿ ಫ್ರೇಮ್‌ನೊಳಗೇ ಇದ್ದಾಗ ಆ ಬೆಳಕು ಲೆನ್ಸ್‌ನ ಗಾಜುಗಳಲ್ಲಿ ಚದುರಿ ಇಡೀ ಚಿತ್ರದ ಮೇಲೆ ಒಂದು ತೆಳು ಪದರವಾಗಿ ಬೀಳುತ್ತದೆ. ಕನ್ನಡಿ ಮೇಲೆ ಆವಿ ಕೂತ ಹಾಗೆ. ಪ್ರಕಾಶಮಾನ ಜಾಗದಲ್ಲಿ ಇದು ಕಾಣುವುದಿಲ್ಲ. ಕಪ್ಪು ಮುಖದಲ್ಲಿ ಮಾತ್ರ ಇದರ ಪಾಲು ದೊಡ್ಡದು. ಅಂದರೆ ನಿಮ್ಮ 26, 19, 15ರಲ್ಲಿ ಸ್ವಲ್ಪ ಚರ್ಮದ್ದೇ ಅಲ್ಲ, ಕಿಟಕಿಯದು. ಲಿಫ್ಟ್ ಏರಿಸಿದಾಗ ಆಗುವ ತೊಂದರೆಯನ್ನು ಲೆನ್ಸ್ ಆಗಲೇ ಸ್ವಲ್ಪ ಮಾಡಿಟ್ಟಿದೆ. ಅದನ್ನು ಕಳೆಯದೆ ಗೇನ್ ಕೊಟ್ಟರೆ ಆ ಪದರವೂ ಜೊತೆಗೇ ಬೆಳೆಯುತ್ತದೆ.

ಎಷ್ಟು ಕಳೆಯಬೇಕು? ಕಣ್ಣಿನ ಪಾಪೆ ನೋಡಿ. ಅದು ಮುಖದಲ್ಲಿ ನಿಜವಾಗಿ ಕಪ್ಪಿರುವ ಜಾಗ. ಮೂಗಿನ ಹೊಳ್ಳೆಯೂ ಆಗುತ್ತದೆ. ಕೂದಲನ್ನು ನಂಬಬೇಡಿ, ಆಕಾಶದ ಬೆಳಕು ಅದರ ಮೇಲೆ ಬಿದ್ದು ನಿಜಕ್ಕೂ ನೀಲಿಯಾಗಿರಬಹುದು. ವೇವ್‌ಫಾರ್ಮ್‌ನ ಅಳತೆಯನ್ನು ಸೆಟ್ಟಿಂಗ್‌ನಲ್ಲಿ ಶೇಕಡಾಕ್ಕೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ 0ಯಿಂದ 1023ರ ಲೆಕ್ಕ ಕಾಣುತ್ತದೆ. ಪಾಪೆ 8ರಲ್ಲಿ ಕೂತಿದೆ ಅನ್ನಿ. ಅದನ್ನು 4ಕ್ಕೆ ಇಳಿಸಿ. ಸೊನ್ನೆಗೆ ಬೇಡ, ಕಣ್ಣು ಗುಂಡಿಯ ಹಾಗೆ ಕಾಣುತ್ತದೆ.

ಇದಕ್ಕೆ ಆಫ್‌ಸೆಟ್ ಬಳಸಿ. ಅದು ಎಲ್ಲದರಿಂದಲೂ ಒಂದೇ ಮೊತ್ತ ಕಳೆಯುತ್ತದೆ, ನಮಗೆ ಬೇಕಾದದ್ದೂ ಅದೇ. ಈಗ ಕೆನ್ನೆ 22, 15, 11 ಆಯಿತು. ಮುಖ ಮೊದಲಿಗಿಂತ ಕಪ್ಪಾಯಿತು, ಆದರೆ ಅನುಪಾತ 2ಕ್ಕೆ ಏರಿತು. ಸಾಚುರೇಶನ್ ಗುಂಡಿ ಮುಟ್ಟದೆಯೇ ಚರ್ಮಕ್ಕೆ ಬಣ್ಣ ಬಂತು. ಪರೇಡ್ ಸ್ಕೋಪ್‌ನಲ್ಲಿ ಪಾಪೆಯ ನೀಲಿ ಮಾತ್ರ ಉಳಿದೆರಡಕ್ಕಿಂತ ಮೇಲಿದ್ದರೆ ನೀಲಿಯನ್ನು ಒಂದು ಚೂರು ಜಾಸ್ತಿ ಕಳೆಯಿರಿ. ಆಕಾಶ ಕಾಣುವ ಕಿಟಕಿಯಿಂದ ಬರುವ ಪದರ ಸಾಮಾನ್ಯವಾಗಿ ನೀಲಿಯೇ.

ಇದಾದ ಮೇಲೆ ಇನ್ನೊಂದು ನೋಡ್‌ನಲ್ಲಿ ಗೇನ್ 1.9 ಕೊಟ್ಟರೆ 42, 28, 21ರ ಆಸುಪಾಸಿಗೆ ಬರುತ್ತದೆ. ವೇವ್‌ಫಾರ್ಮ್‌ನಲ್ಲಿ ಕೆನ್ನೆ ಸುಮಾರು 31ರಲ್ಲಿ ಕಾಣುತ್ತದೆ. ಮೊದಲು 20ರಲ್ಲಿತ್ತು. ಇಷ್ಟಕ್ಕೇ ಈ ನೋಡ್ ನಿಲ್ಲಿಸಿ. ಕಡಿಮೆ ಆಯಿತು ಅನ್ನಿಸುತ್ತದೆ, ಗೊತ್ತು. ಮುಂದೆ ಇನ್ನೊಂದು ನೋಡ್ ಬರುತ್ತದೆ.

ಈಗ ಮಾಸ್ಕ್. ನಿಮ್ಮ ಪ್ರಭಾವಳಿಯ ಮೂಲ ಇಲ್ಲಿದೆ.

ಮುಖದ ಅಂಚಿಗೆ ಅಂಟಿಕೊಂಡ ವೃತ್ತ ಹಾಕಿದರೆ ಮುಖವಾಡ ಅಂಟಿಸಿದ ಹಾಗೇ ಕಾಣುತ್ತದೆ. ಯಾವ ದೀಪವೂ ಗಲ್ಲದ ಗೆರೆಗೆ ಬಂದು ನಿಲ್ಲುವುದಿಲ್ಲ. ಮುಖದ ಮೇಲೆ ಬಿದ್ದ ಬೆಳಕು ಕತ್ತಿನ ಮೇಲೆ ಬೀಳುತ್ತದೆ, ಅಂಗಿಯ ಕಾಲರ್ ಮೇಲೆ ಬೀಳುತ್ತದೆ, ಎದೆಯ ಹತ್ತಿರ ನಿಧಾನವಾಗಿ ಸೋರಿಹೋಗುತ್ತದೆ. ಹಾಗಾಗಿ ಮಾಸ್ಕ್ ಅನ್ನು ಮುಖದ ಆಕಾರಕ್ಕೆ ಬರೆಯಬೇಡಿ, ಬೆಳಕಿನ ಆಕಾರಕ್ಕೆ ಬರೆಯಿರಿ. ಹಣೆಯ ಮಧ್ಯದಿಂದ ಶುರುವಾಗಿ ಎದೆಯ ಮೇಲ್ಭಾಗದವರೆಗೆ ಬರುವ ಉದ್ದನೆಯ ಅಂಡಾಕಾರ ಸಾಕು. ಸಾಫ್ಟ್‌ನೆಸ್ ಧಾರಾಳವಾಗಿರಲಿ. ಒಳಗಿನ ಪೂರ್ತಿ ಬೆಳಕಿನಿಂದ ಹೊರಗಿನ ಸೊನ್ನೆಗೆ ಬರಲು ಅರ್ಧ ಮುಖದಷ್ಟು ದೂರ ಬೇಕು. ಕೆಳಗಿನ ಅಂಚಿಗೆ ಇನ್ನೂ ಜಾಸ್ತಿ ಕೊಡಬಹುದು.

ಆದರೆ ಇಷ್ಟು ಮೆತ್ತಗಿನ ದೊಡ್ಡ ಮಾಸ್ಕ್ ಹಿಂದಿನ ಕಿಟಕಿಯ ಮೇಲೂ ಚಾಚುತ್ತದೆ. ಕಿವಿಯ ಪಕ್ಕದ ಗೋಡೆ ಬೆಳಗಾಗುತ್ತದೆ. ಅದೇ ಪ್ರಭಾವಳಿ. ಮಾಸ್ಕ್ ಚಿಕ್ಕದು ಮಾಡಿ ಇದನ್ನು ಸರಿಪಡಿಸಲು ಹೋದರೆ ಮತ್ತೆ ಮುಖವಾಡಕ್ಕೇ ವಾಪಸ್. ದಾರಿ ಏನೆಂದರೆ, ಅದೇ ನೋಡ್‌ನಲ್ಲಿ ಕ್ವಾಲಿಫೈಯರ್ ಆನ್ ಮಾಡಿ. ವಿಂಡೋ, ಅಂದರೆ ನಿಮ್ಮ ಮಾಸ್ಕ್, ಮತ್ತು ಕ್ವಾಲಿಫೈಯರ್ ಒಂದೇ ನೋಡ್‌ನಲ್ಲಿದ್ದರೆ ಎರಡೂ ಒಪ್ಪಿದ ಜಾಗ ಮಾತ್ರ ಆಯ್ಕೆಯಾಗುತ್ತದೆ.

ಇಲ್ಲಿ ಎಲ್ಲರ ಕೈ ಐಡ್ರಾಪರ್‌ಗೆ ಹೋಗುತ್ತದೆ, ಚರ್ಮದ ಮೇಲೆ ಕ್ಲಿಕ್ ಮಾಡಿ ಬಣ್ಣದ ಆಧಾರದ ಮೇಲೆ ಆಯ್ಕೆ ಮಾಡಲು. ನಿಮ್ಮ ಫೈಲ್‌ನಲ್ಲಿ ಅದು ಬೇಡ. 8 ಬಿಟ್ ಫೈಲ್‌ಗಳು ಬಹುತೇಕ 4:2:0 ಆಗಿರುತ್ತವೆ. ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ. ಅದರಲ್ಲೂ ನೆರಳಿನಲ್ಲಿ ಬಣ್ಣ ಅಂದರೆ ಅರ್ಧ ನಾಯ್ಸ್. ಆ ಆಧಾರದ ಮೇಲೆ ಮಾಡಿದ ಆಯ್ಕೆ ಪ್ರತಿ ಫ್ರೇಮ್‌ನಲ್ಲಿ ಹುಳ ಹರಿದ ಹಾಗೆ ಮಿಣಕುತ್ತದೆ. ಲೂಮಾ, ಅಂದರೆ ಬೆಳಕಿನ ಮಾಹಿತಿ, ಮಾತ್ರ ಪೂರ್ತಿ ರೆಸಲ್ಯೂಶನ್‌ನಲ್ಲಿದೆ. ಹಾಗಾಗಿ ಹ್ಯೂ ಮತ್ತು ಸಾಚುರೇಶನ್ ಎರಡನ್ನೂ ಆಫ್ ಮಾಡಿ, ಲೂಮಿನೆನ್ಸ್ ಒಂದನ್ನೇ ಬಿಡಿ.

ಲೂಮಿನೆನ್ಸ್‌ನ ಕೆಳಗಿನ ಮಿತಿ ಸೊನ್ನೆಯಲ್ಲೇ ಇರಲಿ. ಮೇಲಿನ ಮಿತಿಯನ್ನು 40–45ರ ಹತ್ತಿರಕ್ಕೆ ತನ್ನಿ, ಮೇಲಿನ ಸಾಫ್ಟ್ ಅನ್ನು 20ಕ್ಕಿಂತ ಜಾಸ್ತಿ ಇಡಿ. ಬೆಳಗಿರುವ ಕಿಟಕಿ, ಗೋಡೆ ಹೊರಗೆ ಹೋದವು. ಇನ್ನೊಂದು ಲಾಭವೂ ಆಯಿತು. ಕೂದಲ ಅಂಚಿನಲ್ಲಿ, ಒಂದು ಕೆನ್ನೆಯ ತುದಿಯಲ್ಲಿ ಕಿಟಕಿ ಬೆಳಕು ತಾಗಿ ಹೊಳೆಯುವ ಗೆರೆ ಇರುತ್ತದಲ್ಲ, ಆ ರಿಮ್ ಲೈಟ್ ಕೂಡ ಹೊರಗೆ ಉಳಿಯಿತು. ಅದು ಉಳಿಯಲೇಬೇಕು. ಆ ಗೆರೆಯೂ ಎರಡು ಪಟ್ಟಾದರೆ ನೋಡುವವರಿಗೆ ಯಾಕೆ ಅಂತ ಗೊತ್ತಾಗದೆಯೇ ಏನೋ ತಪ್ಪಿದೆ ಅನ್ನಿಸುತ್ತದೆ. ಬ್ಯಾಕ್‌ಲೈಟ್‌ನಲ್ಲಿ ಕೆಂಪಗೆ ಹೊಳೆಯುವ ಕಿವಿಗೂ ಇದೇ ಮಾತು.

Shift+H ಒತ್ತಿ ಮಾಸ್ಕ್ ಎಲ್ಲೆಲ್ಲಿ ಇದೆ ಅಂತ ನೋಡಿ. ಮುಖದ ಒಳಗೆ ಚುಕ್ಕಿ ಚುಕ್ಕಿ ತೂತು ಕಂಡರೆ ಮ್ಯಾಟ್ ಫಿನೆಸ್‌ನಲ್ಲಿ Clean White ಸ್ವಲ್ಪ ಏರಿಸಿ, ಬ್ಲರ್ ಸ್ವಲ್ಪ ಕೊಡಿ. ಬ್ಲರ್ ಜಾಸ್ತಿ ಕೊಟ್ಟರೆ ಆಯ್ಕೆ ಮತ್ತೆ ಕಿಟಕಿಗೆ ಸೋರುತ್ತದೆ, ಆಗ ಕ್ವಾಲಿಫೈಯರ್ ಹಾಕಿದ್ದೇ ದಂಡ. ಕೂದಲಿನ ಹೊರ ಅಂಚು ಬರುವ ಮುಂಚೆಯೇ ಮಾಸ್ಕ್ ಬಹುಪಾಲು ಇಳಿದಿರಲಿ. ಕಪ್ಪು ಕೂದಲು ಬೆಳಗಾದರೆ ಕಂದು ಬೂದಿಯ ಹೊಗೆ ಕಾಣುತ್ತದೆ. ಅದು ಕಪ್ಪಗೇ ಇದ್ದರೆ ಯಾರೂ ಕೇಳುವುದಿಲ್ಲ.

ಒಂದು ತಾಂತ್ರಿಕ ಸಣ್ಣ ವಿಷಯ. ಆಫ್‌ಸೆಟ್ ಒಂದು ನೋಡ್‌ನಲ್ಲಿ, ಗೇನ್ ಮುಂದಿನ ನೋಡ್‌ನಲ್ಲಿ ಅಂದೆನಲ್ಲ, ಎರಡರಲ್ಲೂ ಬೇರೆ ಬೇರೆ ಕ್ವಾಲಿಫೈಯರ್ ಹಾಕಬೇಡಿ. ಎರಡನೆಯದು ಈಗಾಗಲೇ ಬದಲಾದ ಚಿತ್ರ ನೋಡಿ ಆಯ್ಕೆ ಮಾಡುತ್ತದೆ, ಅಂಚು ಹೊಂದುವುದಿಲ್ಲ. ಮೊದಲ ನೋಡ್‌ನ ಕೆಳಗಿರುವ ನೀಲಿ ಚೌಕದಿಂದ ಎರಡನೆಯ ನೋಡ್‌ನ ತ್ರಿಕೋನಕ್ಕೆ ಗೆರೆ ಎಳೆಯಿರಿ. ಒಂದೇ ಮಾಸ್ಕ್ ಎರಡಕ್ಕೂ ಸಿಗುತ್ತದೆ.

ಈಗ ಮುಖ ಕಾಣುತ್ತದೆ, ಬಣ್ಣ ಸರಿ ಇದೆ, ಆದರೆ ಚಪ್ಪಟೆ. ಇದು ಸಹಜ. ನೆರಳಿನ ಮುಖದ ಮೇಲೆ ಬಿದ್ದದ್ದು ಕೋಣೆಯ ಎಲ್ಲ ಕಡೆಯಿಂದ ಬಂದ ಸಣ್ಣ ಬೆಳಕು. ಅದಕ್ಕೆ ದಿಕ್ಕೇ ಇಲ್ಲ. ಎಷ್ಟು ಏರಿಸಿದರೂ ದಿಕ್ಕು ಬರುವುದಿಲ್ಲ. ಮೊದಲ ನೋಡ್‌ಗಳಲ್ಲೇ ಮುಖವನ್ನು 40ಕ್ಕೆ ಒಯ್ಯದೆ 31ರಲ್ಲಿ ನಿಲ್ಲಿಸಿದ್ದು ಇದಕ್ಕೇ. ಮಿಕ್ಕ ಬೆಳಕನ್ನು ಒಂದು ಕಡೆಯಿಂದ ಮಾತ್ರ ಕೊಡಬೇಕು.

ಯಾವ ಕಡೆಯಿಂದ? ಕಣ್ಣಿಗೆ ಝೂಮ್ ಮಾಡಿ. ಪಾಪೆಯಲ್ಲಿ ಎಲ್ಲೋ ಒಂದು ಸಣ್ಣ ಮಿಂಚು ಇರುತ್ತದೆ. ಎದುರಿನ ಬಿಳಿ ಗೋಡೆಯದೋ, ಪಕ್ಕದ ಇನ್ನೊಂದು ಕಿಟಕಿಯದೋ. ಅದು ಪಾಪೆಯ ಬಲಕ್ಕಿದ್ದರೆ ನಿಮ್ಮ ಬೆಳಕೂ ಫ್ರೇಮ್‌ನ ಬಲದಿಂದ ಬರಲಿ. ಮಿಂಚೇ ಕಾಣದಿದ್ದರೆ ಮೂಗಿನ ಎರಡು ಬದಿ ನೋಡಿ, ಒಂದು ಬದಿ ಒಂದೆರಡು ಅಂಶವಾದರೂ ಜಾಸ್ತಿ ಬೆಳಗಿರುತ್ತದೆ. ಇರುವ ದಿಕ್ಕನ್ನೇ ದೊಡ್ಡದು ಮಾಡುವುದು ಯಾವಾಗಲೂ ಸುರಕ್ಷಿತ. ವಿರುದ್ಧ ದಿಕ್ಕಿನಿಂದ ಕೊಟ್ಟರೆ ಇರುವ ನೆರಳನ್ನು ಅಳಿಸಿ ಮುಖ ಇನ್ನೂ ಚಪ್ಪಟೆಯಾಗುತ್ತದೆ.

ಬಲದಿಂದ ಅಂತಲೇ ಇಟ್ಟುಕೊಳ್ಳೋಣ. ಹೊಸ ನೋಡ್, ಹೊಸ ವೃತ್ತ. ಬಲ ಕಣ್ಣು, ಬಲ ಕೆನ್ನೆ, ಹಣೆಯ ಬಲ ಅರ್ಧ ಇದರೊಳಗೆ ಬರಲಿ. ಮೂಗಿನ ಸೇತುವೆಯ ಹತ್ತಿರ ಇಳಿಯಲು ಶುರುವಾಗಿ ಎಡ ಕೆನ್ನೆಯ ಮಧ್ಯದಲ್ಲಿ ಸೊನ್ನೆ ಆಗಲಿ. ಪೂರ್ತಿ ಮುಖದ ಒಳಗೇ ಮುಗಿದರೆ ಕ್ವಾಲಿಫೈಯರ್ ಕೂಡ ಬೇಡ. ಇಲ್ಲಿ ಗೇನ್ 1.2 ಕೊಡಿ. 31 ಇದ್ದದ್ದು 37 ಆಯಿತು. ಎಡ ಕೆನ್ನೆ 31ರಲ್ಲೇ ಇದೆ. ಈ ಆರು ಅಂಶದ ವ್ಯತ್ಯಾಸವೇ ಮುಖಕ್ಕೆ ಉಬ್ಬು ಕೊಡುವುದು. ನಂಬಿಕೆ ಬರದಿದ್ದರೆ ಇಡೀ ಚಿತ್ರದ ಸಾಚುರೇಶನ್ ಸೊನ್ನೆ ಮಾಡಿ ಕಪ್ಪುಬಿಳುಪಿನಲ್ಲಿ ನೋಡಿ. ಬಣ್ಣ ಇಲ್ಲದಾಗ ಬೆಳಕಿನ ಆಕಾರ ಮಾತ್ರ ಕಾಣುತ್ತದೆ. ಯಾರೋ ಮುಖಕ್ಕೆ ಟಾರ್ಚ್ ಹಿಡಿದ ಹಾಗಿದ್ದರೆ ಸಾಫ್ಟ್‌ನೆಸ್ ಸಾಲದು.

37 ಸಾಕಾ? ಮಧ್ಯಮ ಮೈಬಣ್ಣದವರಿಗೆ, ಹಿಂದೆ ನೂರಕ್ಕೆ ಮುಟ್ಟಿದ ಕಿಟಕಿ ಇರುವಾಗ, 35ರಿಂದ 42ರೊಳಗೆ ನಿಲ್ಲಿಸುವುದು ನನ್ನ ಅಭ್ಯಾಸ. ತಿಳಿ ಮೈಬಣ್ಣಕ್ಕೆ ಸ್ವಲ್ಪ ಮೇಲೆ, ಗಾಢ ಮೈಬಣ್ಣಕ್ಕೆ 30ರ ಹತ್ತಿರವೂ ಚೆನ್ನಾಗಿಯೇ ಇರುತ್ತದೆ. ಎದುರಿನಿಂದ ಬೆಳಕು ಬಿದ್ದ ಮುಖವನ್ನು 55ಕ್ಕೋ 60ಕ್ಕೋ ಇಡುತ್ತೇವೆ ಅಂತ ಇದನ್ನೂ ಅಲ್ಲಿಗೆ ಒಯ್ಯಬೇಡಿ. ಹಿಂದೆ ಕಿಟಕಿ ಕಾಣುತ್ತಿದೆ, ನೋಡುವವರ ಕಣ್ಣು ಮುಖ ಸ್ವಲ್ಪ ಕಪ್ಪಗಿರುವುದನ್ನೇ ನಿರೀಕ್ಷಿಸುತ್ತದೆ. ಅದಕ್ಕಿಂತ ಬೆಳಗಿದ್ದರೆ ಹಿನ್ನೆಲೆ ಬೇರೆ, ಮನುಷ್ಯ ಬೇರೆ ಶೂಟ್ ಮಾಡಿ ಅಂಟಿಸಿದ ಹಾಗೆ ಕಾಣುತ್ತದೆ.

ಇನ್ನೂ ಬೆಳಗಬೇಕು ಅನ್ನಿಸಿದರೆ ಮುಖ ಬಿಟ್ಟು ಕೋಣೆಯನ್ನು ಇಳಿಸಿ. ಗೋಡೆ, ಪರದೆ, ಕುರ್ಚಿ 50ರಲ್ಲಿದ್ದರೆ ಗಾಮಾದಿಂದ 44ಕ್ಕೆ ತನ್ನಿ, ಮಾಸ್ಕ್‌ನ ಹೊರಭಾಗಕ್ಕೆ ಮಾತ್ರ. ಮುಖ ಮುಟ್ಟದೆಯೇ ಬೆಳಗಾದ ಹಾಗೆ ಕಾಣುತ್ತದೆ. ಕಿಟಕಿಯ ಮೇಲೆ ಗೇನ್ ಇಳಿಸಲು ಮಾತ್ರ ಹೋಗಬೇಡಿ. ಅಲ್ಲಿ ಕ್ಲಿಪ್ ಆಗಿರುವ ಬಿಳಿ 90ಕ್ಕೆ ಬಂದರೆ ವಿವರವೇನೂ ವಾಪಸ್ ಬರುವುದಿಲ್ಲ, ಸುಮ್ನೆ ಬೂದಿ ಕಾಗದ ಅಂಟಿಸಿದ ಹಾಗೆ ಆಗುತ್ತದೆ.

ಇಷ್ಟಾದ ಮೇಲೆ ಬಣ್ಣ. ನೀವು ಶುರು ಮಾಡಿದ್ದು ಬಣ್ಣದಿಂದ, ನಾನು ಅದನ್ನು ಕೊನೆಗೆ ಇಟ್ಟಿದ್ದೇನೆ. ಮೇಲಿನದೆಲ್ಲ ಸರಿಯಾದರೆ ಬಣ್ಣದಲ್ಲಿ ಮಾಡಲು ಜಾಸ್ತಿ ಕೆಲಸ ಉಳಿಯುವುದಿಲ್ಲ.

ನೆರಳಿನ ಮುಖದ ಮೇಲೆ ಬಿದ್ದ ಸಣ್ಣ ಬೆಳಕಿಗೆ ತನ್ನದೇ ಛಾಯೆ ಇರುತ್ತದೆ. ಆಕಾಶದ್ದಾದರೆ ನೀಲಿ, ಹೊರಗಿನ ಗಿಡಗಳದ್ದೋ ಬಣ್ಣದ ಗೋಡೆಯದ್ದೋ ಆದರೆ ಹಸಿರೋ ಮತ್ತೊಂದೋ. ಗೇನ್ ಕೊಟ್ಟಾಗ ಅದೂ ಎದ್ದು ಕಾಣುತ್ತದೆ. Shift+H ಹಾಕಿ ಮುಖ ಮಾತ್ರ ಉಳಿಸಿಕೊಂಡು ವೆಕ್ಟರ್‌ಸ್ಕೋಪ್ ನೋಡಿ. ಚರ್ಮದ ಗೆರೆಯನ್ನು ಅದರ ಸೆಟ್ಟಿಂಗ್‌ನಲ್ಲಿ ಆನ್ ಮಾಡಬಹುದು. ಕೆಂಪು ಮತ್ತು ಹಳದಿಯ ಗುರಿಗಳ ನಡುವೆ ಅದು ಹೋಗುತ್ತದೆ. ತಿಳಿ ಇರಲಿ, ಗಾಢ ಇರಲಿ, ಎಲ್ಲರ ಮೈಬಣ್ಣವೂ ಇದರ ಆಸುಪಾಸಿನಲ್ಲೇ ಬೀಳುತ್ತದೆ. ಚರ್ಮದ ಬಣ್ಣ ಬರುವುದು ಮೆಲನಿನ್ ಮತ್ತು ರಕ್ತದಿಂದ, ಅದು ಎಲ್ಲರಿಗೂ ಒಂದೇ. ಬದಲಾಗುವುದು ಮುಖ್ಯವಾಗಿ ಎಷ್ಟು ಬೆಳಗು, ಎಷ್ಟು ಗಾಢ ಎಂಬುದು.

ಗುಂಪು ಗೆರೆಯಿಂದ ಹಳದಿ ಹಸಿರಿನ ಕಡೆ ಸರಿದಿದ್ದರೆ ಗೇನ್ ಚಕ್ರವನ್ನು ಕೆಂಪು ಮಜೆಂತಾದ ಕಡೆ ಕೂದಲೆಳೆಯಷ್ಟು ತಳ್ಳಿ. ಗೆರೆಯ ಮೇಲೆ ಸರಿಯಾಗಿ ಕೂರಿಸಲೇಬೇಕು ಅಂತ ಹಟ ಬೇಡ. ಕೋಣೆ ತಣ್ಣಗಿನ ಬೆಳಕಿನದಾಗಿದ್ದರೆ ಚರ್ಮವೂ ಸ್ವಲ್ಪ ಆ ಕಡೆ ಇರಬೇಕು. ಕಣ್ಣಿನ ಬಿಳಿಭಾಗ ಒಳ್ಳೆಯ ಸಾಕ್ಷಿ. ಚರ್ಮ ಗೆರೆಯ ಮೇಲಿದ್ದೂ ಕಣ್ಣಿನ ಬಿಳಿ ಕಿತ್ತಳೆಯಾಗಿದ್ದರೆ ನೀವು ಅತಿ ಮಾಡಿದ್ದೀರಿ.

ಬೆಚ್ಚಗಿನ ಛಾಯೆ ಬೇಕಿದ್ದರೆ ಅದನ್ನು ಎರಡನೆಯ ಮಾಸ್ಕ್‌ಗೆ, ಅಂದರೆ ಬಲದಿಂದ ಬಂದ ಬೆಳಕಿಗೆ ಮಾತ್ರ ಕೊಡಿ. ನೆರಳಿನ ಬದಿ ತಣ್ಣಗೇ ಇರಲಿ. ನಿಜವಾದ ದೀಪ ಇಟ್ಟಿದ್ದರೂ ಹೀಗೇ ಆಗುತ್ತಿತ್ತು. ಇಡೀ ಮುಖ ಒಂದೇ ಸಮ ಬೆಚ್ಚಗಾದಾಗಲೇ ಮೇಕಪ್ ಮೆತ್ತಿದ ಹಾಗೆ ಕಾಣುವುದು. ಇದೇ ಕಾರಣಕ್ಕೆ ವೆಕ್ಟರ್‌ಸ್ಕೋಪ್‌ನಲ್ಲಿ ಮುಖ ಒಂದು ತೆಳು ಗೆರೆಯಾಗದೆ ಅಗಲವಾದ ಮೋಡದ ಹಾಗೆ ಕಂಡರೆ ಒಳ್ಳೆಯದು. ತುಟಿ, ಮೂಗಿನ ತುದಿ ಕೆಂಪಿನ ಕಡೆ, ಹಣೆ ಹಳದಿಯ ಕಡೆ ಇರುತ್ತವೆ. ಆ ವ್ಯತ್ಯಾಸವನ್ನು Hue vs Hue ಕರ್ವ್‌ನಲ್ಲಿ ಒತ್ತಿ ಒಂದೇ ಬಣ್ಣಕ್ಕೆ ತಂದರೆ ಪ್ಲಾಸ್ಟಿಕ್ ಗೊಂಬೆ ಸಿದ್ಧ.

ಸಾಚುರೇಶನ್ ಗುಂಡಿಯನ್ನು ನಾನು ಇಲ್ಲಿ ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ಎಷ್ಟೋ ಸಲ ಇಳಿಸಬೇಕಾಗುತ್ತದೆ. ದವಡೆಯ ಕೆಳಗೆ, ಕಣ್ಣಿನ ಗುಳಿಯಲ್ಲಿ ಕೆಂಪು ಹಸಿರು ತೇಪೆಗಳು ಕಂಡರೆ ಅದು ಬಣ್ಣದ ನಾಯ್ಸ್. Lum vs Sat ಕರ್ವ್‌ನಲ್ಲಿ ಅತಿ ಕಪ್ಪು ಭಾಗದ ಸಾಚುರೇಶನ್ ಇಳಿಸಿ, ತೇಪೆ ಮಾಯವಾಗುತ್ತದೆ.

ನಾಯ್ಸ್ ರಿಡಕ್ಷನ್ ರಿಸಾಲ್ವ್‌ನ ಸ್ಟುಡಿಯೋ ಆವೃತ್ತಿಯಲ್ಲಿ ಮಾತ್ರ ಇದೆ. ನಿಮ್ಮ ಬಳಿ ಇದ್ದರೆ ಟೆಂಪೊರಲ್ ವಿಧಾನವನ್ನು ಎಲ್ಲಕ್ಕಿಂತ ಮೊದಲ ನೋಡ್‌ನಲ್ಲಿ ಹಾಕಿ, ಬೆಳಕು ಏರಿಸುವ ಮುಂಚೆ. ಕ್ರೋಮಾಕ್ಕೆ ಜಾಸ್ತಿ, ಲೂಮಾಕ್ಕೆ ಕಡಿಮೆ. ಲೂಮಾ ಜಾಸ್ತಿ ಒರೆಸಿದರೆ ಚರ್ಮದ ರಂಧ್ರಗಳೂ ಹೋಗುತ್ತವೆ, ಮುಖ ಮೇಣದ ಹಾಗಾಗುತ್ತದೆ. ಕೊನೆಯ ನೋಡ್‌ನಲ್ಲಿ ಇಡೀ ಫ್ರೇಮ್‌ಗೆ ಸಣ್ಣ ಗ್ರೇನ್ ಹಾಕಿದರೆ ಮುಖದ ನಾಯ್ಸ್, ಹಿನ್ನೆಲೆಯ ನಾಯ್ಸ್ ಬೇರೆ ಬೇರೆ ಅಂತ ಗೊತ್ತಾಗುವುದಿಲ್ಲ.

ಇನ್ನು ಚಲನೆ. ದೊಡ್ಡ ಮಾಸ್ಕ್ ಅನ್ನು ಟ್ರ್ಯಾಕ್ ಮಾಡುವಾಗ ಪ್ಯಾನ್, ಟಿಲ್ಟ್, ಝೂಮ್ ಆನ್ ಇರಲಿ. ಸಂದರ್ಶನದಲ್ಲಿ ಇಷ್ಟು ಸಾಕು. ಎರಡನೆಯ ಮಾಸ್ಕ್‌ನಲ್ಲಿ ರೊಟೇಟ್ ಆಫ್ ಮಾಡುವುದನ್ನು ಮರೆಯಬೇಡಿ. ಅವರು ತಲೆ ಓರೆ ಮಾಡಿದರೆ ದೀಪ ಓರೆಯಾಗುವುದಿಲ್ಲ, ಅದು ಕೋಣೆಯಲ್ಲಿ ಇದ್ದಲ್ಲೇ ಇರುತ್ತದೆ. ಮಾಸ್ಕ್ ತಲೆಯ ಜೊತೆ ತಿರುಗಿದರೆ ಬೆಳಕು ಮುಖಕ್ಕೆ ಅಂಟಿದ ಸ್ಟಿಕರ್ ಅಂತ ತಕ್ಷಣ ಗೊತ್ತಾಗುತ್ತದೆ. ಅವರು ಪೂರ್ತಿ ಎಡಕ್ಕೆ ತಿರುಗುವ ಕಡೆ ಕೀಫ್ರೇಮ್ ಹಾಕಿ ವೃತ್ತವನ್ನು ಕಿವಿಯ ಕಡೆ ಸರಿಸಬೇಕಾಗಬಹುದು.

ಮಾತಾಡುತ್ತಾ ಕೈ ಮೇಲೆತ್ತಿದಾಗ ಕೈ ಮಾಸ್ಕ್‌ನೊಳಗೆ ಬಂದು ಬೆಳಗಾಗುತ್ತದೆ. ಹೆದರಬೇಡಿ, ಮುಂದಿನಿಂದ ಬೆಳಕು ಬಿದ್ದಿದ್ದರೆ ಕೈಯೂ ಬೆಳಗಾಗುತ್ತಿತ್ತು. ತೊಂದರೆ ಬರುವುದು ಕೈ ಮಾಸ್ಕ್‌ನ ಅಂಚು ದಾಟುವಾಗ ಒಮ್ಮೆಲೇ ಹೊತ್ತಿಕೊಂಡರೆ. ಸಾಫ್ಟ್‌ನೆಸ್ ಸಾಕಷ್ಟಿದ್ದರೆ ಹಾಗೆ ಆಗುವುದಿಲ್ಲ. ಕ್ಯಾಮೆರಾ ಆಟೋ ಎಕ್ಸ್‌ಪೋಶರ್‌ನಲ್ಲಿತ್ತಾ ಅಂತಲೂ ನೋಡಿಕೊಳ್ಳಿ. ಅವರು ಮುಂದೆ ಬಾಗಿದಾಗ ಇಡೀ ಚಿತ್ರ ಸ್ವಲ್ಪ ಬೆಳಗಾಗಿರುತ್ತದೆ. ಎರಡು ಪಟ್ಟು ಏರಿಸಿದ ಮುಖದಲ್ಲಿ ಅದೂ ಎರಡು ಪಟ್ಟಾಗಿ ಉಸಿರಾಡಿದ ಹಾಗೆ ಕಾಣುತ್ತದೆ. ಮೊದಲ ನೋಡ್‌ನಲ್ಲೇ ಕೀಫ್ರೇಮ್ ಹಾಕಿ ಅದನ್ನು ಸಮ ಮಾಡಿಕೊಂಡು ಆಮೇಲೆ ಮುಖಕ್ಕೆ ಬನ್ನಿ.

ಕೊನೆಗೆ ಪರೀಕ್ಷೆ. ನೋಡ್ ಆನ್ ಆಫ್ ಮಾಡಿ ನೋಡುತ್ತಾ ಕೂರಬೇಡಿ, ಆಫ್ ಆದಾಗಿನ ಕಪ್ಪು ಮುಖ ಕಣ್ಣಲ್ಲಿ ಕೂತುಬಿಟ್ಟರೆ ಆನ್ ಮಾಡಿದಾಗ ಏನಿದ್ದರೂ ಚೆನ್ನಾಗಿಯೇ ಕಾಣುತ್ತದೆ. ಬದಲಿಗೆ ಸ್ವಲ್ಪ ಹೊತ್ತು ಬೇರೆ ಶಾಟ್ ನೋಡಿ, ವಾಪಸ್ ಬಂದು ಪೂರ್ತಿ ವೇಗದಲ್ಲಿ ಓಡಿಸಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು? ಕಣ್ಣುಗಳಿಗೆ ಹೋದರೆ ಸರಿ. ಗಲ್ಲದ ಅಂಚಿಗೋ ಕಿವಿಯ ಪಕ್ಕಕ್ಕೋ ಹೋದರೆ ಮಾಸ್ಕ್ ಕಾಣುತ್ತಿದೆ ಅಂತ ಅರ್ಥ. ಮುಖ, ಕತ್ತು, ತೊಡೆಯ ಮೇಲಿರುವ ಕೈ, ಈ ಮೂರನ್ನೂ ಒಟ್ಟಿಗೆ ನೋಡಿ. ಕೈ ತೀರಾ ಕಪ್ಪಗಿದ್ದರೆ ಅದಕ್ಕೂ ಒಂದು ಮೆತ್ತನೆಯ ವೃತ್ತ ಹಾಕಿ ಗೇನ್ 1.3ರಷ್ಟು ಕೊಡಿ. ಮುಖದಷ್ಟು ಬೇಡ.

ನಿಮ್ಮ ಫೈಲ್‌ಗೆ ಒಂದು ಮಿತಿ ಇದೆ. 8 ಬಿಟ್ ವೀಡಿಯೋದಲ್ಲಿ ಕಪ್ಪಿನಿಂದ ಬಿಳಿಗೆ ಸಾಮಾನ್ಯವಾಗಿ 219 ಮೆಟ್ಟಿಲು. ಮುಖ ಪೂರ್ತಿ 6ರಿಂದ 14ರೊಳಗೆ ಇದ್ದರೆ ಅದರಲ್ಲಿರುವುದು ಹದಿನೇಳು ಹದಿನೆಂಟು ಮೆಟ್ಟಿಲು ಮಾತ್ರ. ಅದನ್ನು ಮೂರು ಪಟ್ಟು ಹಿಗ್ಗಿಸಿದರೆ ಹಣೆಯ ಮೇಲೆ ನಕ್ಷೆಯ ಗೆರೆಗಳ ಹಾಗೆ ಪಟ್ಟೆ ಕಾಣುತ್ತದೆ. ಮಾಸ್ಕ್ ಎಷ್ಟೇ ಚೆನ್ನಾಗಿದ್ದರೂ ಅದು ಹೋಗುವುದಿಲ್ಲ. ನಿಮ್ಮ ಮುಖ 20ರ ಆಸುಪಾಸಿನಲ್ಲಿದ್ದರೆ ಮೇಲೆ ಹೇಳಿದ್ದೆಲ್ಲ ನಡೆಯುತ್ತದೆ. 10ರ ಕೆಳಗಿದ್ದರೆ 18–20ಕ್ಕೆ ತಂದು ನಿಲ್ಲಿಸಿ, ಕೋಣೆಯನ್ನೂ ಸ್ವಲ್ಪ ಕಪ್ಪು ಮಾಡಿ, ಅದನ್ನು ಬೇಕೆಂದೇ ಮಾಡಿದ ಮಬ್ಬು ಶಾಟ್ ಆಗಿ ಉಳಿಸಿಕೊಳ್ಳುವುದು ವಾಸಿ.

ಮುಂದೆ ಎಂದಾದರೂ ಲಾಗ್ ಅಥವಾ ರಾ ಫೈಲ್‌ನಲ್ಲಿ ಇದೇ ಕೆಲಸ ಬಂದರೆ ಲೆಕ್ಕ ಒಂದು ಕಡೆ ಬದಲಾಗುತ್ತದೆ. ಲಾಗ್‌ನಲ್ಲಿ ಆಫ್‌ಸೆಟ್ ಕಳೆಯುವುದಿಲ್ಲ, ಅದು ಎಕ್ಸ್‌ಪೋಶರ್ ಬದಲಿಸಿದ ಹಾಗೆ ಕೆಲಸ ಮಾಡುತ್ತದೆ. ಲೆನ್ಸ್‌ನ ಪದರ ಕಳೆಯಲು ಆ ನೋಡ್ ಮೇಲೆ ರೈಟ್ ಕ್ಲಿಕ್ ಮಾಡಿ Gamma ಮೆನುವಿನಲ್ಲಿ Linear ಆರಿಸಿ. ಅಲ್ಲಿ ಆಫ್‌ಸೆಟ್ ನಿಜವಾಗಿ ಕಳೆಯುತ್ತದೆ, ಗೇನ್ 2 ಅಂದರೆ ಸರಿಯಾಗಿ ಒಂದು ಸ್ಟಾಪ್. ಈ ನೋಡ್‌ಗಳೆಲ್ಲ ಲಾಗ್‌ನಿಂದ ಮಾಮೂಲಿ ಬಣ್ಣಕ್ಕೆ ಬದಲಿಸುವ ನೋಡ್‌ಗಿಂತ ಮುಂಚೆಯೇ ಬರಬೇಕು. ಆಮೇಲೆ ಹಾಕಿದರೆ ಮತ್ತೆ ಈಗಿನ ಫೈಲ್‌ನ ಸ್ಥಿತಿಯೇ.